‘ನೀವು ಸುರಕ್ಷಿತವಾಗಿದ್ದೀರಾ?’ ಅಂತ ದಿನಾ ಕೇಳಿದರೆ ಯಾರಿಗೆ ನೆಮ್ಮದಿ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಾವು ನಾಲ್ಕು ಜನ ಸೇರಿ ಹೆಣ್ಣುಮಕ್ಕಳ ಸುರಕ್ಷತೆಗೆ ಒಂದು ಆ್ಯಪ್ ಮಾಡಿದ್ದೇವೆ. ಹೊರಟಾಗ ಮೂರು ಜನರಿಗೆ ಲೊಕೇಶನ್ ಹೋಗುತ್ತದೆ, ತೊಂದರೆಯಾದರೆ ಒತ್ತಲು ಎಸ್‌ಓಎಸ್ ಬಟನ್ ಇದೆ. ರಾತ್ರಿ 9ಕ್ಕೆ ‘ಹೊರಗೆ ಕತ್ತಲಾಗಿದೆ. ನೀವು ಸುರಕ್ಷಿತವಾಗಿದ್ದೀರಾ?’ ಎಂದು ನೋಟಿಫಿಕೇಶನ್ ಕಳಿಸುತ್ತೇವೆ. ಡೌನ್‌ಲೋಡ್ ಚೆನ್ನಾಗಿದೆ, ಆದರೆ ಎರಡು ವಾರದೊಳಗೆ ಹೆಚ್ಚಿನವರು ಆ್ಯಪ್ ತೆಗೆದುಹಾಕುತ್ತಾರೆ. ‘ನೋಡಿದ್ರೇ ಭಯ ಆಗುತ್ತೆ’ ಎಂದು ಒಬ್ಬರು ಬರೆದರು. ಹಣ ಹಾಕಿದವರು ಹುಡುಗಿಯನ್ನು ಯಾರೋ ಹಿಂಬಾಲಿಸುವ ವಿಡಿಯೋ ಮಾಡಿ, ಇನ್ನೂ ಗಟ್ಟಿಯಾಗಿ ಹೇಳಿ ಅನ್ನುತ್ತಾರೆ. ನನ್ನ ಜೊತೆಗಾರ್ತಿ ‘ಸಖಿ’ ಅಂತ ಹೆಸರಿಟ್ಟು ಗೆಳತಿಯ ಹಾಗೆ ಮಾತಾಡಿಸೋಣ ಅನ್ನುತ್ತಾಳೆ. ಧೈರ್ಯವೂ ಬರಬೇಕು, ಭಯವೂ ಹುಟ್ಟಬಾರದು. ಅಂಥ ಮಾತು ಯಾವುದು ಮೇಡಂ?

ಉತ್ತರ: ಹಣ ಹಾಕಿದವರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಹೆದರಿಸಿದರೆ ಜನ ಕೇಳುತ್ತಾರಾ ಎಂಬ ಪ್ರಶ್ನೆ ಹಳೆಯದು. 1953ರಲ್ಲಿ ಅಮೆರಿಕದಲ್ಲಿ ಜ್ಯಾನಿಸ್ ಮತ್ತು ಫೆಶ್‌ಬ್ಯಾಕ್ ಎಂಬ ಇಬ್ಬರು ಹೈಸ್ಕೂಲ್ ಮಕ್ಕಳಿಗೆ ಹಲ್ಲಿನ ಆರೈಕೆಯ ಬಗ್ಗೆ ಪಾಠ ಹೇಳಿಸಿದರು. ಒಂದು ಗುಂಪಿಗೆ ಕೊಳೆತ ಹಲ್ಲು, ಊದಿದ ವಸಡು ಎಲ್ಲ ತೋರಿಸಿ ಹೆದರಿಸಿದರು. ಇನ್ನೊಂದಕ್ಕೆ ಮಧ್ಯಮ, ಮತ್ತೊಂದಕ್ಕೆ ತೀರಾ ಕಡಿಮೆ. ಜಾಸ್ತಿ ಹೆದರಿದ್ದು ಮೊದಲನೇ ಗುಂಪು. ಆದರೆ ಹೇಳಿದ್ದನ್ನು ಜಾಸ್ತಿ ಪಾಲಿಸಿದ್ದು ಕಡಿಮೆ ಹೆದರಿದ ಗುಂಪು. ನಮ್ಮ ಕಡೆಯ ಜಾಹೀರಾತಿನವರು ಇಷ್ಟನ್ನೇ ಹೇಳಿ ‘ಹೆದರಿಸಬೇಡಿ’ ಎಂದು ಮುಗಿಸುತ್ತಾರೆ. ಕತೆ ಅಲ್ಲಿಗೆ ಮುಗಿಯುವುದಿಲ್ಲ. 2015ರಲ್ಲಿ ಇಂಥ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಬೇರೆಯದೇ ಚಿತ್ರ ಸಿಕ್ಕಿತು. ಹೆದರಿಸುವ ಮಾತು ಒಟ್ಟಾರೆ ಕೆಲಸ ಮಾಡುತ್ತದೆ. ಒಂದೇ ಸಲ ಮಾಡಿ ಮುಗಿಸುವ ಕೆಲಸಕ್ಕೆ ಜಾಸ್ತಿ ಮಾಡುತ್ತದೆ, ಮತ್ತೆ ಮತ್ತೆ ಮಾಡಬೇಕಾದ ಕೆಲಸಕ್ಕೆ ಕಡಿಮೆ. ಕೇಳುವವರಲ್ಲಿ ಹೆಣ್ಣುಮಕ್ಕಳು ಜಾಸ್ತಿ ಇದ್ದಾಗ ಇನ್ನೂ ಜಾಸ್ತಿ. ಕೊನೆಯದು ಓದಲು ಹಿತವಾದ ಮಾತಲ್ಲ, ಆದರೂ ಮುಚ್ಚಿಡಬಾರದು.

ನಿಮ್ಮ ಡೌನ್‌ಲೋಡ್ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ. ಆ್ಯಪ್ ಹಾಕಿಕೊಳ್ಳುವುದು ಒಂದೇ ಸಲದ ಕೆಲಸ. ಭಯ ಹುಟ್ಟಿಸಿದರೆ ಹಾಕಿಕೊಳ್ಳುತ್ತಾರೆ. ದಿನಾ ಸಂಜೆ ಬಸ್ ಹತ್ತುವಾಗ ಅದನ್ನು ತೆರೆಯುವುದು ಮಾತ್ರ ಮತ್ತೆ ಮತ್ತೆ ಮಾಡಬೇಕಾದ ಕೆಲಸ. ಅದಕ್ಕೆ ಭಯ ಇಂಧನ ಆಗುವುದಿಲ್ಲ. ದಿನಾ ಹೆದರಿಕೊಂಡು ಬದುಕಲು ಯಾರಿಂದ ಆಗುತ್ತೆ ಹೇಳಿ? ಆದ್ದರಿಂದ ಹೊಸ ವಿಡಿಯೋ ಹಾಕಿದರೆ ಡೌನ್‌ಲೋಡ್ ಇನ್ನೂ ಏರುತ್ತದೆ, ತೆಗೆದುಹಾಕುವವರೂ ಏರುತ್ತಾರೆ. ಹಣ ಹಾಕಿದವರ ಕಣ್ಣಿಗೆ ಮೊದಲನೆಯ ಗೆರೆ ಮಾತ್ರ ಬಿದ್ದಿದೆ.

ಕಿಮ್ ವಿಟ್ಟೆ ಎಂಬ ಸಂಶೋಧಕಿ 1992ರಲ್ಲಿ ಇದರ ಒಳಗಿನ ಕಾರಣವನ್ನು ವಿವರಿಸಿದರು. ಅಪಾಯದ ಮಾತು ಕೇಳಿದಾಗ ಮನಸ್ಸು ಎರಡು ಲೆಕ್ಕ ಹಾಕುತ್ತದೆ. ಇದು ನನಗೆ ಬರಬಹುದಾ? ಬಂದರೆ ನನ್ನ ಕೈಲಿ ಏನಾದರೂ ಆಗುತ್ತಾ? ಎರಡಕ್ಕೂ ‘ಹೌದು’ ಬಂದರೆ ನಾವು ಅಪಾಯದ ವಿರುದ್ಧ ಏನಾದರೂ ಮಾಡುತ್ತೇವೆ. ಮೊದಲನೆಯದಕ್ಕೆ ‘ಹೌದು’, ಎರಡನೆಯದಕ್ಕೆ ‘ಇಲ್ಲ’ ಅಂತ ಬಂದರೆ ಅಪಾಯ ಬಿಟ್ಟು ಭಯದ ವಿರುದ್ಧವೇ ಕೆಲಸ ಶುರುವಾಗುತ್ತದೆ. ನೋಡುವುದೇ ಬೇಡ ಅಂತ ಮುಖ ತಿರುಗಿಸುತ್ತೇವೆ. ನಿಮ್ಮ ರಾತ್ರಿ 9ರ ನೋಟಿಫಿಕೇಶನ್ ಮೊದಲ ಲೆಕ್ಕವನ್ನು ದಿನಾ ಹಾಕಿಸುತ್ತದೆ. ಎರಡನೆಯದಕ್ಕೆ ಉತ್ತರವನ್ನೇ ಕೊಡುವುದಿಲ್ಲ. ಮನೆಯಲ್ಲಿ ಅನ್ನ ಬಡಿಸಿಕೊಂಡು ಕೂತವಳಿಗೆ ‘ಹೊರಗೆ ಕತ್ತಲಾಗಿದೆ’ ಎಂದು ಬರುತ್ತದೆ. ಅವಳು ಏನು ಮಾಡಬೇಕು? ಮಾಡಲು ಇರುವುದು ಒಂದೇ, ಆ್ಯಪ್ ತೆಗೆಯುವುದು. ಅದನ್ನೇ ಮಾಡಿದಳು.

ಇದು ಪುಸ್ತಕದ ಮಾತು. ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಬೆಲೆ ಇದೆ. ನಾನು ಅದನ್ನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಆ್ಯಪ್‌ಗೆ ಕನ್ನಡದ ಮಾತು ಬರೆಯುತ್ತಿದ್ದೆ. ‘ಕತ್ತಲಾಗುವ ಮೊದಲು ಮನೆ ಸೇರಿ’ ಎಂದು ಒಂದು ಸಾಲು ಬರೆದೆ. ಅಕ್ಕನ ಕಾಳಜಿ ಇದೆ ಅಂತ ನನಗೆ ನಾನೇ ಖುಷಿಪಟ್ಟೆ. ಪಿಜಿಯಲ್ಲಿ ಇದ್ದು ಕೆಲಸ ಮಾಡುವ ಕೆಲವು ಹುಡುಗಿಯರಿಗೆ ಓದಲು ಕೊಟ್ಟೆವು. ಒಬ್ಬಳು ನಕ್ಕುಬಿಟ್ಟಳು. ‘ಮೇಡಂ, ಇದನ್ನ ನಮ್ಮಮ್ಮ ನೋಡಿದ್ರೆ ನಾಳೇನೇ ಕೆಲಸ ಬಿಡಿಸ್ತಾರೆ’ ಅಂದಳು. ನನಗೆ ಅದು ಹೊಳೆದೇ ಇರಲಿಲ್ಲ. ನಾವು ಬರೆದ ಮಾತನ್ನು ಅವಳೊಬ್ಬಳೇ ಓದುವುದಿಲ್ಲ. ಅಮ್ಮ ಓದುತ್ತಾರೆ, ಅಣ್ಣ ಓದುತ್ತಾನೆ, ಫೋನ್ ಟೇಬಲ್ ಮೇಲಿದ್ದಾಗ ಗಂಡ ಓದುತ್ತಾನೆ. ಭಯದ ಒಂದು ಸಾಲು ಅವರ ಕೈಗೆ ಸಿಕ್ಕರೆ ಅದು ಬೇಲಿಯಾಗುತ್ತದೆ. ಸುರಕ್ಷತೆಗೆ ಅಂತ ಹಾಕಿಕೊಂಡ ಆ್ಯಪ್ ಅವಳ ಸಂಜೆಯ ಕ್ಲಾಸನ್ನೋ ಕೆಲಸವನ್ನೋ ಕಿತ್ತುಕೊಂಡರೆ ಅದು ಯಾವ ಸುರಕ್ಷತೆ?

ಬೆಂಗಳೂರಿನಲ್ಲಿ 2003ರಲ್ಲಿ ಜಸ್ಮೀನ್ ಪಥೇಜಾ ಶುರು ಮಾಡಿದ ಬ್ಲ್ಯಾಂಕ್ ನಾಯ್ಸ್ ಎಂಬ ಗುಂಪು ಇದಕ್ಕೆ ಪೂರ್ತಿ ಎದುರಿನ ದಾರಿ ಹಿಡಿಯಿತು. ಹೆಣ್ಣುಮಕ್ಕಳು ಹಗಲಲ್ಲಿ ಪಾರ್ಕಿಗೆ ಬಂದು ಹುಲ್ಲಿನ ಮೇಲೆ ಮಲಗಿ ನಿದ್ದೆ ಮಾಡುವುದು, ಅಷ್ಟೇ ಅವರ ಒಂದು ಕಾರ್ಯಕ್ರಮ. ಭಯದ ಬಗ್ಗೆ ಹೇಳಲಿಕ್ಕೇ ಅದನ್ನು ಮಾಡಿದ್ದು, ಆದರೆ ಹೆದರಿಸಲಿಲ್ಲ. ನಿಮ್ಮ ಆ್ಯಪ್ ಅಷ್ಟು ದೂರ ಹೋಗಬೇಕಿಲ್ಲ. ಅವಳು ಹೊರಗಿರುವುದು ಸಹಜ ಎಂಬಲ್ಲಿಂದ ಮಾತು ಶುರುವಾದರೆ ಸಾಕು.

ವಿಡಿಯೋದ ಬಗ್ಗೆ ಇನ್ನೊಂದು ತಕರಾರಿದೆ. ಕತ್ತಲ ಗಲ್ಲಿ, ಹಿಂದೆ ಅಪರಿಚಿತನ ಹೆಜ್ಜೆ, ಇದು ಸುಲಭದ ಚಿತ್ರ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳನ್ನು ನೋಡಿದರೆ ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚರಲ್ಲಿ ಆರೋಪಿ ಅವಳಿಗೆ ಗೊತ್ತಿರುವವನೇ. ಮಹಿಳೆಯರ ಮೇಲಿನ ಅಪರಾಧಗಳಲ್ಲಿ ದೊಡ್ಡ ಪಾಲು ಗಂಡ ಮತ್ತು ಅವನ ಕಡೆಯವರ ಕ್ರೌರ್ಯದ್ದು. ಗಲ್ಲಿಯನ್ನೇ ತೋರಿಸುತ್ತಾ ಹೋದರೆ ಮನೆಯೊಳಗೆ, ಆಫೀಸಿನೊಳಗೆ ತೊಂದರೆಯಲ್ಲಿ ಇರುವವಳಿಗೆ ‘ಈ ಆ್ಯಪ್ ನನಗಲ್ಲ’ ಅನ್ನಿಸುತ್ತದೆ. ಬಸ್ಸಿನಲ್ಲಿ ದಿನಾ ಓಡಾಡುವವಳಿಗೆ ಸುಮ್ನೆ ಹೊಸದೊಂದು ಭಯ ಸೇರುತ್ತದೆ. ಇಬ್ಬರಿಗೂ ನಷ್ಟ.

ಇನ್ನು ನಿಮ್ಮ ಜೊತೆಗಾರ್ತಿಯ ‘ಸಖಿ’. ಹೆಸರು ಚೆನ್ನಾಗಿದೆ, ಅದೇ ತೊಂದರೆ. ಹಿಂಸೆಗೆ ಒಳಗಾದ ಮಹಿಳೆಯರಿಗಾಗಿ ಕೇಂದ್ರ ಸರ್ಕಾರ 2015ರಿಂದ ನಡೆಸುತ್ತಿರುವ ಒನ್ ಸ್ಟಾಪ್ ಸೆಂಟರ್‌ಗಳನ್ನು ಜನ ಕರೆಯುವುದೇ ‘ಸಖಿ’ ಅಂತ. ಆಸ್ಪತ್ರೆ, ಪೊಲೀಸ್, ವಕೀಲರು, ಉಳಿದುಕೊಳ್ಳುವ ಜಾಗ ಎಲ್ಲದಕ್ಕೂ ಅಲ್ಲಿ ದಾರಿ ಸಿಗುತ್ತದೆ. ನಿಮ್ಮ ಆ್ಯಪ್‌ಗೂ ಅದೇ ಹೆಸರಿಟ್ಟರೆ, ನಿಜವಾಗಿ ಕೇಂದ್ರ ಹುಡುಕುತ್ತಿರುವವಳು ನಿಮ್ಮ ಲೊಕೇಶನ್ ಬಟನ್ ಮುಂದೆ ಬಂದು ನಿಲ್ಲುತ್ತಾಳೆ.

ಗೆಳತಿಯ ಮಾತಿನ ಧಾಟಿಗೆ ಬೇರೆ ಅಪಾಯ ಇದೆ. ‘ಹಾಯ್ ಡಿಯರ್, ಚಿಂತೆ ಯಾಕೆ, ನಾನಿದ್ದೀನಲ್ಲ!’ ಎಂಬುದು ಮಧ್ಯಾಹ್ನ ಓದಲು ಮುದ್ದಾಗಿರುತ್ತದೆ. ಆಟೋ ಬೇರೆ ದಾರಿ ಹಿಡಿದಾಗ ಅದೇ ಮಾತು ಮೈ ಉರಿಸುತ್ತದೆ. ಅದಕ್ಕಿಂತ ಹೆಚ್ಚಾಗಿ ಅದು ನಿಜ ಅಲ್ಲ. ಆ್ಯಪ್ ಅಲ್ಲಿ ಇಲ್ಲ. ‘ನಾವು ನಿಮ್ಮನ್ನು ಕಾಪಾಡುತ್ತೇವೆ’, ‘ನೀವೀಗ ಸುರಕ್ಷಿತ’ ಎಂಬ ಎರಡು ಸಾಲನ್ನು ನಾನು ಯಾವ ಆ್ಯಪ್‌ನಲ್ಲಿ ಕಂಡರೂ ಮೊದಲು ಅಳಿಸುತ್ತೇನೆ. ನಿಮ್ಮ ಆ್ಯಪ್ ಮಾಡುವುದು ಒಂದು ಮೆಸೇಜ್ ಕಳಿಸುವ ಕೆಲಸ. ಕಟ್ಟಡದ ಒಳಗೆ ಲೊಕೇಶನ್ ಹತ್ತಾರು ಮೀಟರ್ ಆಚೀಚೆ ತೋರಿಸುತ್ತದೆ, ನೆಟ್‌ವರ್ಕ್ ಇರುವುದಿಲ್ಲ, ಮೆಸೇಜ್ ಹೋದರೂ ಅದನ್ನು ನೋಡಬೇಕಾದ ಅಕ್ಕ ನಿದ್ದೆ ಮಾಡುತ್ತಿರುತ್ತಾಳೆ. ಅತಿ ಭರವಸೆ ನಂಬಿ ಅವಳು ಎರಡು ನಿಮಿಷ ಕಾದರೆ, ಆ ಎರಡು ನಿಮಿಷದಲ್ಲಿ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬಹುದಿತ್ತು. ಹೆದರಿಸುವ ಮಾತಿಗಿಂತ ಸುಳ್ಳು ಧೈರ್ಯದ ಮಾತಿಗೆ ನಾನು ಜಾಸ್ತಿ ಹೆದರುತ್ತೇನೆ.

ಹಾಗಾದರೆ ಉಳಿಯುವುದೇನು? ನನ್ನ ಅನುಭವದಲ್ಲಿ ನೆಮ್ಮದಿ ಕೊಡುವುದು ವಿಶೇಷಣಗಳಲ್ಲ. ಈಗ ಏನಾಯಿತು, ಮುಂದೆ ಏನಾಗುತ್ತದೆ ಎಂಬ ಸರಿಯಾದ ಸುದ್ದಿ. ಆಸ್ಪತ್ರೆಯ ಹೊರಗೆ ಕೂತಾಗ ನರ್ಸ್ ಬಂದು ‘ಏನೂ ಆಗಲ್ಲ, ಧೈರ್ಯವಾಗಿರಿ’ ಅಂದರೆ ನಮಗೆ ಅನುಮಾನ ಬರುತ್ತದೆ. ‘ಹೊಲಿಗೆ ಹಾಕ್ತಾ ಇದ್ದಾರೆ, ಅರ್ಧ ಗಂಟೆ ಆಗುತ್ತೆ, ಆಮೇಲೆ ನೋಡಬಹುದು’ ಅಂದರೆ ಉಸಿರು ಬರುತ್ತದೆ. ಆ್ಯಪ್ ಮಾತಾಡಬೇಕಾದ್ದು ಆ ಎರಡನೇ ನರ್ಸ್ ಹಾಗೆ.

ಬರೆಯುವಾಗ ಒಂದು ಪರೀಕ್ಷೆ ಮಾಡಿಕೊಳ್ಳಿ. ವಾಕ್ಯ ಯಾರ ಬಗ್ಗೆ ಇದೆ? ‘ನೀವು ಸುರಕ್ಷಿತವಾಗಿದ್ದೀರಾ?’ ಎಂಬುದು ಅವಳ ಸ್ಥಿತಿಯ ಬಗ್ಗೆ ಇದೆ, ಅನುಮಾನ ಹುಟ್ಟಿಸುತ್ತದೆ. ‘ನಾವು ಕಾಯುತ್ತೇವೆ’ ಎಂಬುದು ನಿಮ್ಮ ದೊಡ್ಡಸ್ತಿಕೆಯ ಬಗ್ಗೆ ಇದೆ. ‘ಲೊಕೇಶನ್ ಅಕ್ಕನಿಗೆ ಕಾಣುತ್ತಿದೆ, ತಲುಪಿದ ಕೂಡಲೇ ನಿಲ್ಲುತ್ತದೆ’ ಎಂಬುದು ನಡೆಯುತ್ತಿರುವ ಕೆಲಸದ ಬಗ್ಗೆ ಇದೆ. ಮೂರನೆಯದನ್ನು ಇಟ್ಟುಕೊಳ್ಳಿ.

ಹೊರಡುವ ಹೊತ್ತಿನ ಮಾತಿಗೆ ನೀವು ಬಹಳ ದೂರ ಹುಡುಕಬೇಕಿಲ್ಲ. ಕನ್ನಡದಲ್ಲಿ ಮನೆಯಿಂದ ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ. ‘ಹೋಗಿ ಬರ್ತೀನಿ’ ಅನ್ನುತ್ತಾರೆ. ತಪ್ಪಿ ‘ಹೋಗ್ತೀನಿ’ ಅಂದರೆ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ತಿದ್ದುತ್ತಾರೆ. ವಾಪಸ್ ಬರುವುದು ಆ ಮಾತಿನೊಳಗೇ ಇದೆ. ಭಯದ ಹೆಸರೇ ಇಲ್ಲ, ಆದರೆ ಕಾಳಜಿ ಪೂರ್ತಿ ಇದೆ. ನಿಮ್ಮ ಬಟನ್ ಮೇಲೆ ಈಗ ಏನಿದೆಯೋ ಗೊತ್ತಿಲ್ಲ, ‘ಸುರಕ್ಷತಾ ಮೋಡ್ ಆರಂಭಿಸಿ’ ಎಂಬ ಥರದ್ದು ಇದ್ದರೆ ತೆಗೆದು ‘ಹೋಗಿ ಬರ್ತೀನಿ’ ಅಂತ ಹಾಕಿ ನೋಡಿ. ಮುಗಿಸುವ ಬಟನ್ ‘ತಲುಪಿದೆ’. ನಿಮ್ಮ ಕಡೆ ‘ಮನಿ ಮುಟ್ಟಿದ್ಯಾ?’ ಅಂತ ಕೇಳುತ್ತಾರೆ, ಆದರೆ ಬಟನ್ ಮೇಲೆ ‘ಮುಟ್ಟಿದೆ’ ಅಂತ ಬರೆದರೆ ಮೈಸೂರಿನವಳು ಗಲಿಬಿಲಿಯಾಗುತ್ತಾಳೆ. ‘ತಲುಪಿದೆ’ ಎಲ್ಲ ಕಡೆ ನಡೆಯುತ್ತದೆ.

ಅದೇ ಲೆಕ್ಕದಲ್ಲಿ ರಾತ್ರಿ 9ರ ನೋಟಿಫಿಕೇಶನ್ ಪೂರ್ತಿ ನಿಲ್ಲಿಸಿ. ಗಡಿಯಾರ ನೋಡಿ ಮಾತಾಡಬೇಡಿ, ಅವಳು ಮಾಡಿದ ಕೆಲಸ ನೋಡಿ ಮಾತಾಡಿ. ಅವಳು ‘ಹೋಗಿ ಬರ್ತೀನಿ’ ಒತ್ತಿ, 40 ನಿಮಿಷದಲ್ಲಿ ತಲುಪುತ್ತೇನೆ ಎಂದು ಹೇಳಿದ್ದರೆ ಮಾತ್ರ ಆ ಹೊತ್ತಿಗೆ ಒಂದು ಸಾಲು ಹೋಗಲಿ: ‘ತಲುಪಿದ್ರಾ? ಇನ್ನೂ ದಾರಿಯಲ್ಲಿದ್ದರೆ 15 ನಿಮಿಷ ಸೇರಿಸಿ.’ ಉತ್ತರ ಬರದಿದ್ದರೆ ಏನಾಗುತ್ತದೆ ಎಂಬುದನ್ನೂ ಹೊರಡುವಾಗಲೇ ಹೇಳಿಬಿಡಿ: ‘10 ನಿಮಿಷ ಉತ್ತರ ಬರದಿದ್ದರೆ ಅಕ್ಕನಿಗೆ ತಿಳಿಸುತ್ತೇವೆ.’ ಬಸ್ ಲೇಟಾಗುವುದು ನಮ್ಮ ಊರಿನಲ್ಲಿ ಅಪಾಯ ಅಲ್ಲ, ದಿನಚರಿ. ಸಮಯ ಸೇರಿಸುವ ದಾರಿ ಸುಲಭವಾಗಿ ಇಲ್ಲದಿದ್ದರೆ ಅಕ್ಕನಿಗೆ ವಾರಕ್ಕೆ ಮೂರು ಸುಳ್ಳು ಎಚ್ಚರಿಕೆ ಹೋಗುತ್ತದೆ. ನಾಲ್ಕನೆಯದನ್ನು ಅವಳು ನೋಡುವುದಿಲ್ಲ.

ಇಲ್ಲಿ ಇನ್ನೊಂದು ಸಾಲು ನನಗೆ ಬಹಳ ಮುಖ್ಯ. ‘ತಲುಪಿದೆ’ ಒತ್ತಿದ ಕೂಡಲೇ ಪರದೆಯ ಮೇಲೆ ‘ಲೊಕೇಶನ್ ನಿಂತಿತು. ಈಗ ನೀವು ಯಾರಿಗೂ ಕಾಣುತ್ತಿಲ್ಲ’ ಎಂದು ಬರಲಿ. ನಾವು ಹುಡುಗಿಯರಿಗೆ ತೋರಿಸಿದ ಎಲ್ಲ ಸಾಲುಗಳಲ್ಲಿ ಅವರ ಭುಜ ಸಡಿಲವಾದದ್ದು ಇದನ್ನು ಓದಿದಾಗ. ದಾರಿಯ ಅಪಾಯಕ್ಕಿಂತ, ಸದಾ ಯಾರೋ ನೋಡುತ್ತಿದ್ದಾರೆ ಎಂಬುದು ಅವರ ಮನಸ್ಸಿನಲ್ಲಿ ಜಾಸ್ತಿ ಇತ್ತು. ಅದು ಸುಮ್ನೆ ಮಾತಾಗಿರಬಾರದು, ಲೊಕೇಶನ್ ನಿಜವಾಗಿಯೂ ನಿಲ್ಲಬೇಕು. ಗಂಡನೋ ಅಣ್ಣನೋ ಅವಳ ಫೋನಿನಲ್ಲಿ ಈ ಆ್ಯಪ್ ಹಾಕಿಸಿ ಕಾವಲಿಗೆ ಇಟ್ಟುಕೊಳ್ಳುವುದು ಎಲ್ಲ ಕಡೆ ನಡೆಯುತ್ತದೆ. ಯಾರು ನೋಡುತ್ತಿದ್ದಾರೆ ಎಂಬ ಪಟ್ಟಿ ಮೊದಲ ಪರದೆಯಲ್ಲೇ ಕಾಣಲಿ.

ಈಗ ಎಸ್‌ಓಎಸ್‌ಗೆ ಬರೋಣ. ಇಲ್ಲಿ ಮೂರು ಕ್ರಿಯಾಪದ ಬಿಟ್ಟು ಬೇರೆ ಏನೂ ಬೇಡ: ಕಳಿಸಿದೆ, ತಲುಪಿದೆ, ನೋಡಿದರು. ಮೂರೂ ಬೇರೆ ಬೇರೆ. ಮೆಸೇಜ್ ನಿಮ್ಮ ಸರ್ವರ್‌ನಿಂದ ಹೊರಟರೆ ‘ಕಳಿಸಿದೆ’. ಎಸ್‌ಎಂಎಸ್ ಫೋನ್ ಸೇರಿದೆ ಎಂದು ಕಂಪನಿಯಿಂದ ವರದಿ ಬಂದರೆ ‘ತಲುಪಿದೆ’. ಎಸ್‌ಎಂಎಸ್ ಓದಿದರಾ ಎಂಬುದು ನಿಮಗೆ ಗೊತ್ತಾಗುವುದೇ ಇಲ್ಲ. ಲೊಕೇಶನ್ ಲಿಂಕ್ ತೆರೆದರೆ ಮಾತ್ರ ‘ನೋಡಿದರು’ ಅನ್ನಬಹುದು. ಎಷ್ಟೋ ಆ್ಯಪ್‌ಗಳು ಬಟನ್ ಒತ್ತಿದ ಕೂಡಲೇ ದೊಡ್ಡ ಹಸಿರು ಗುರುತು ತೋರಿಸಿ ‘ಸಹಾಯ ಬರುತ್ತಿದೆ’ ಎನ್ನುತ್ತವೆ. ಯಾರೂ ಹೊರಟಿರುವುದಿಲ್ಲ. ‘ಅಕ್ಕನಿಗೆ ಕಳಿಸಿದೆ. ಇನ್ನೂ ನೋಡಿಲ್ಲ. 112ಕ್ಕೆ ಕರೆ ಮಾಡಿ’ ಎಂದು ತೋರಿಸಿ, ಕೊನೆಯ ಮಾತನ್ನೇ ಬಟನ್ ಮಾಡಿ. ಓದಲು ಒಣಗಿದ ಹಾಗಿದೆ ಅಲ್ವಾ? ಆ ಹೊತ್ತಿನಲ್ಲಿ ಒಣ ಮಾತೇ ಆಸರೆ.

ಅತ್ತ ಕಡೆ ಮೆಸೇಜ್ ಪಡೆಯುವವರನ್ನು ಎಲ್ಲರೂ ಮರೆಯುತ್ತಾರೆ. ‘ತುರ್ತು!!! ನಿಮ್ಮ ಪ್ರೀತಿಪಾತ್ರರು ಅಪಾಯದಲ್ಲಿದ್ದಾರೆ’ ಎಂದು ಹಾಸನದಲ್ಲಿರುವ ಅಪ್ಪನಿಗೆ ಹೋದರೆ ಎರಡರಲ್ಲಿ ಒಂದು ಆಗುತ್ತದೆ. ಒಂದೋ ಅವರ ಬಿಪಿ ಏರುತ್ತದೆ. ಇಲ್ಲವೇ ಇದು ಮೋಸದ ಮೆಸೇಜ್ ಎಂದು ಅಳಿಸುತ್ತಾರೆ. ‘ನಿಮ್ಮ ಮಗಳು ಸಿಕ್ಕಿಬಿದ್ದಿದ್ದಾಳೆ’ ಎಂದು ಹೆದರಿಸಿ ಹಣ ಕೀಳುವವರ ಮಾತಿನ ಧಾಟಿಯೂ ಇದೇ ಅಲ್ವಾ? ಮೆಸೇಜಿನಲ್ಲಿ ಅವಳ ಹೆಸರು ಇರಬೇಕು, ಮಾಡಬೇಕಾದ ಕೆಲಸ ಇರಬೇಕು. ಅಪಾಯದ ವರ್ಣನೆ ಬೇಡ.

ಇದಕ್ಕೆ ಒಂದು ಲೆಕ್ಕದ ಕಟ್ಟೂ ಇದೆ. ಇಂಗ್ಲಿಷ್ ಎಸ್‌ಎಂಎಸ್ ಒಂದಕ್ಕೆ 160 ಅಕ್ಷರ ಹಿಡಿಸುತ್ತದೆ. ಕನ್ನಡದಲ್ಲಿ ಬರೆದರೆ 70 ಮಾತ್ರ. ಅದಕ್ಕಿಂತ ಉದ್ದವಾದರೆ 67ರ ತುಂಡುಗಳಾಗಿ ಹೋಗುತ್ತದೆ. ಒತ್ತಕ್ಷರ, ಗುಣಿತ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಲೆಕ್ಕದಲ್ಲಿ ಆರು. ನಾನು ಆಗ ಬರೆದದ್ದು ಹೀಗಿತ್ತು: ‘ಕವಿತಾ ಸಹಾಯ ಕೇಳಿದ್ದಾರೆ. ಮೊದಲು ಫೋನ್ ಮಾಡಿ. ಎತ್ತದಿದ್ದರೆ 112ಕ್ಕೆ ಮಾಡಿ.’ ಖಾಲಿ ಜಾಗ, ಚುಕ್ಕಿ ಸೇರಿ 65. ಒಂದೇ ಮೆಸೇಜಿನಲ್ಲಿ ಹೋಗುತ್ತದೆ, ಲೊಕೇಶನ್ ಲಿಂಕ್ ಇನ್ನೊಂದರಲ್ಲಿ. ಬೆನ್ನು ತಟ್ಟಿಕೊಂಡೆ.

ಮಹಿಳೆಯರ ಸಹಾಯ ಕೇಂದ್ರವೊಂದರಲ್ಲಿ ಕೆಲಸ ಮಾಡಿದವರೊಬ್ಬರು ಅದನ್ನು ಓದಿ ಒಂದೇ ಪ್ರಶ್ನೆ ಕೇಳಿದರು. ‘ಅವಳು ಬಚ್ಚಲಮನೆಯಲ್ಲಿ ಚಿಲಕ ಹಾಕಿಕೊಂಡು ಕೂತಿದ್ದರೆ? ಫೋನ್ ರಿಂಗ್ ಆದ್ರೆ?’ ಎಷ್ಟು ಸೌಮ್ಯವಾಗಿ ಬರೆದರೂ ಆ ಸಾಲು ಅವಳನ್ನು ಹಿಡಿದುಕೊಡುತ್ತಿತ್ತು. ಆಮೇಲೆ ಬಟನ್ ಎರಡು ಮಾಡಿದೆವು. ಒಂದು ‘ನನಗೆ ಫೋನ್ ಮಾಡಿಸಿ’. ಆಟೋದಲ್ಲೋ ಆಫೀಸಿನಲ್ಲೋ ಇರಿಸುಮುರಿಸಾದಾಗ ಒಂದು ಕರೆ ಬಂದರೇ ಸಾಕು, ಎದ್ದು ಬರಲು ನೆಪ ಸಿಗುತ್ತದೆ. ಇನ್ನೊಂದು ‘ಸದ್ದಿಲ್ಲದೆ ತಿಳಿಸಿ’. ಅದರ ಮೆಸೇಜ್: ‘ಕವಿತಾ ಸಹಾಯ ಕೇಳಿದ್ದಾರೆ. ಅವರಿಗೆ ಫೋನ್ ಮಾಡಬೇಡಿ. 112ಕ್ಕೆ ಮಾಡಿ.’ ಇದು 57. ಯಾವ ಮಾತು ಹಿತವಾಗಿದೆ ಎಂದು ಕೇಳುವ ಮೊದಲು, ಆ ಮಾತಿನಿಂದ ಫೋನ್ ಎಲ್ಲಿ ರಿಂಗ್ ಆಗುತ್ತದೆ ಎಂದು ಕೇಳಬೇಕು ಅಂತ ಅವತ್ತು ಕಲಿತೆ. ಇನ್ನೊಂದು ಸಣ್ಣ ಸಂಗತಿ. 112ರ ಕರೆ, ಮಾಡುವವರು ಇರುವ ರಾಜ್ಯದ ಕೇಂದ್ರಕ್ಕೆ ಹೋಗುತ್ತದೆ. ಮಗಳು ಪುಣೆಯಲ್ಲಿದ್ದು ಅಪ್ಪ ಹಾಸನದಿಂದ ಮಾಡಿದರೆ ಕರೆ ಎತ್ತುವುದು ಕರ್ನಾಟಕದವರು. ಅಂಥವರು ಕರೆಯಲ್ಲಿ ಮೊದಲು ಅವಳಿರುವ ಊರು ಹೇಳಬೇಕು ಎಂಬುದನ್ನು ಲಿಂಕ್ ತೆರೆದಾಗ ಕಾಣುವ ಪುಟದಲ್ಲಿ ಬರೆದಿಡಿ.

ತಪ್ಪಿ ಒತ್ತಿದವರಿಗೆ ಏನು ಹೇಳುತ್ತೀರಿ ಎಂಬುದರಲ್ಲಿ ನಿಮ್ಮ ಆ್ಯಪ್‌ನ ಗುಣ ಗೊತ್ತಾಗುತ್ತದೆ. 2023ರಲ್ಲಿ ಬ್ರಿಟನ್ನಿನಲ್ಲಿ ಆ್ಯಂಡ್ರಾಯ್ಡ್ ಫೋನ್‌ಗಳ ಪಕ್ಕದ ಬಟನ್ ಐದು ಸಲ ಒತ್ತಿದರೆ ತುರ್ತು ಸೇವೆಗೆ ಕರೆ ಹೋಗುವ ಸೌಲಭ್ಯದಿಂದ ಬೇಡದ ಕರೆಗಳು ಸಿಕ್ಕಾಪಟ್ಟೆ ಜಾಸ್ತಿಯಾಗಿ ಅಲ್ಲಿನ ಪೊಲೀಸರೇ ಎಚ್ಚರಿಕೆ ಕೊಡಬೇಕಾಯಿತು. ನಮ್ಮಲ್ಲೂ ಜೇಬಿನಲ್ಲಿ, ಬ್ಯಾಗಿನಲ್ಲಿ ಒತ್ತಿಹೋಗುತ್ತದೆ. ಆಗ ‘ನೀವು ತಪ್ಪಾಗಿ ಒತ್ತಿದ್ದೀರಿ. ದುರ್ಬಳಕೆ ಮಾಡಬೇಡಿ’ ಎಂದು ಗದರಿಸಿದರೆ ಅವಳು ನಿಜವಾಗಿ ಬೇಕಾದಾಗಲೂ ಒತ್ತುವುದಿಲ್ಲ. ನಮ್ಮ ಹೆಣ್ಣುಮಕ್ಕಳನ್ನು ತಡೆಯುವುದು ‘ಸುಮ್ನೆ ಎಲ್ಲರಿಗೂ ತೊಂದರೆ ಕೊಟ್ಟ ಹಾಗಾಗುತ್ತೆ’ ಎಂಬ ಸಂಕೋಚ. ಒತ್ತಿದ ಮೇಲೆ ಐದು ಸೆಕೆಂಡ್ ಎಣಿಕೆ ಇರಲಿ. ಅಷ್ಟರಲ್ಲಿ ನಿಲ್ಲಿಸಿದರೆ ‘ನಿಲ್ಲಿಸಿದೆ. ಯಾರಿಗೂ ಮೆಸೇಜ್ ಹೋಗಿಲ್ಲ’ ಎಂದಷ್ಟೇ ಹೇಳಿ. ಆಮೇಲೆ ನಿಲ್ಲಿಸಿದರೆ ಆ ಮೂವರಿಗೂ ‘ಕವಿತಾ ಸಹಾಯ ಕೋರಿಕೆ ನಿಲ್ಲಿಸಿದ್ದಾರೆ’ ಎಂದು ಹೋಗಲಿ. ‘ಕವಿತಾ ಸುರಕ್ಷಿತ’ ಎಂದು ನೀವು ಸಾರಬೇಡಿ. ಯಾರೋ ಪಕ್ಕದಲ್ಲಿ ನಿಂತು ನಿಲ್ಲಿಸಿದ್ದರೂ ನಿಲ್ಲಿಸಿದ್ದೇ ಅಲ್ವಾ? ನಿಲ್ಲಿಸಲು ಒಂದು ಪಿನ್ ಇಟ್ಟರೆ ಆ ಅನುಮಾನ ಕಡಿಮೆಯಾಗುತ್ತದೆ, ಆದರೆ ಗಾಬರಿಯಲ್ಲಿ ಪಿನ್ ಮರೆತುಹೋಗುವ ಅಪಾಯ ಬರುತ್ತದೆ. ಎರಡನ್ನೂ ಪ್ರಯತ್ನಿಸಿ ನೋಡಿ ನಿರ್ಧರಿಸಿ.

ಆ್ಯಪ್ ಹಾಕಿಕೊಂಡ ದಿನವೇ ಒಂದು ಅಭ್ಯಾಸ ಮಾಡಿಸಿ. ‘ಒಮ್ಮೆ ಒತ್ತಿ ನೋಡಿ. ಅಕ್ಕನಿಗೆ ಇದು ಪರೀಕ್ಷೆ ಅಂತಲೇ ಹೋಗುತ್ತದೆ.’ ಅಕ್ಕ ‘ಬಂತು’ ಎಂದು ಒತ್ತಿದ್ದನ್ನು ಅವಳು ಕಣ್ಣಾರೆ ನೋಡಲಿ. ವಿಟ್ಟೆಯವರ ಎರಡನೇ ಲೆಕ್ಕ, ‘ನನ್ನ ಕೈಲಿ ಏನಾದರೂ ಆಗುತ್ತಾ’ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. 112ಕ್ಕೆ ಮಾತ್ರ ಅಭ್ಯಾಸದ ಕರೆ ಹೋಗದಂತೆ ನೋಡಿಕೊಳ್ಳಿ.

ಬಣ್ಣ, ಸದ್ದಿನ ಬಗ್ಗೆ ಒಂದೇ ಮಾತು. ಕೆಂಪು ಎಸ್‌ಓಎಸ್ ಪರದೆಗೆ ಮಾತ್ರ ಇರಲಿ, ಸೈರನ್ ಅವಳು ಬೇಕು ಅಂದರೆ ಮಾತ್ರ.

ಘಟನೆ ಮುಗಿದ ಮೇಲೆ ‘ಏನಾಯಿತು? ವಿವರ ತುಂಬಿ’ ಎಂಬ ಫಾರ್ಮ್ ಕೂಡಲೇ ಬೇಡ. ‘ಯಾಕೆ’ ಎಂಬ ಪದವಂತೂ ಎಲ್ಲೂ ಬೇಡ, ಅದನ್ನು ಕೇಳಲು ಊರೆಲ್ಲ ಇದೆ. ‘ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ 181, ಮಹಿಳಾ ಸಹಾಯವಾಣಿ’ ಎಂದು ಒಂದು ಸಾಲು ಇಟ್ಟು ಸುಮ್ಮನಿರಿ.

ನನ್ನ ದಾರಿಗೂ ಅಪಾಯ ಇದೆ, ಹೇಳಿಬಿಡುತ್ತೇನೆ. ಬರೀ ಸುದ್ದಿ ಹೇಳುವ ಮಾತು ಸರ್ಕಾರಿ ನೋಟಿಸಿನ ಹಾಗೆ ತಣ್ಣಗಾಗಬಹುದು. ಹೊರಡುವಾಗ, ತಲುಪಿದಾಗ ಸ್ವಲ್ಪ ಬಿಸುಪು ಇರಲಿ. ಎಸ್‌ಓಎಸ್ ಹೊತ್ತಿನಲ್ಲಿ ಬೇಡ. ಮೊದಲ ತಿಂಗಳು ಡೌನ್‌ಲೋಡ್ ಇಳಿಯಬಹುದು, ಹಣ ಹಾಕಿದವರು ಫೋನ್ ಮಾಡುತ್ತಾರೆ. ಅದಕ್ಕೇ ಅವರಿಗೆ ತೋರಿಸುವ ಲೆಕ್ಕವನ್ನು ಈಗಲೇ ಬದಲಿಸಿ. ಎಷ್ಟು ಜನ ಹಾಕಿಕೊಂಡರು ಎಂಬುದರ ಜೊತೆಗೆ ಎಷ್ಟು ಜನ ಅಭ್ಯಾಸ ಮುಗಿಸಿದರು, ಮೂರನೇ ವಾರದಲ್ಲೂ ಎಷ್ಟು ಜನ ‘ಹೋಗಿ ಬರ್ತೀನಿ’ ಒತ್ತಿದರು, ನೋಟಿಫಿಕೇಶನ್ ಹೋದ ಒಂದು ಗಂಟೆಯೊಳಗೆ ಎಷ್ಟು ಜನ ತೆಗೆದುಹಾಕಿದರು. ಮಾತು ಕೆಟ್ಟಿದ್ದರೆ ಈ ಕೊನೆಯ ಲೆಕ್ಕದಲ್ಲಿ ಮೊದಲು ಕಾಣುತ್ತದೆ.

ಲೆಕ್ಕಕ್ಕೆ ಮೊದಲು ಎಂಟು ಹೆಂಗಸರನ್ನು ಕೂರಿಸಿ. ಕಾಲೇಜಿನವಳು, ಗಾರ್ಮೆಂಟ್ಸ್‌ಗೆ ಹೋಗುವವಳು, ಮನೆಯಲ್ಲೇ ಇರುವವಳು, ಒಬ್ಬ ಅಮ್ಮ. ಪ್ರತಿ ಪರದೆಯನ್ನೂ ಕೆಲವು ಸೆಕೆಂಡ್ ತೋರಿಸಿ ಮುಚ್ಚಿ, ‘ಈಗ ಏನಾಗುತ್ತೆ?’ ಎಂದು ಕೇಳಿ. ‘ಹೇಗನ್ನಿಸಿತು’ ಎಂದು ಕೇಳಬೇಡಿ, ಎಲ್ಲರೂ ‘ಚೆನ್ನಾಗಿದೆ’ ಅನ್ನುತ್ತಾರೆ. ‘ಅಕ್ಕನಿಗೆ ಮೆಸೇಜ್ ಹೋಗುತ್ತೆ’ ಎಂದರೆ ಆ ಪರದೆ ಪಾಸು. ‘ಪೊಲೀಸ್ ಬರ್ತಾರೆ’ ಎಂದರೆ ನೀವು ಇಲ್ಲದ ಭರವಸೆ ಕೊಟ್ಟಿದ್ದೀರಿ. ‘ಏನೋ ತೊಂದರೆ ಆಗಿದೆ’ ಎಂದರೆ ಹೆದರಿಸಿದ್ದೀರಿ.

ವಿಡಿಯೋ ಬೇಕೇ ಬೇಕು ಅಂದರೆ ಅವರಿಗೆ ಇದನ್ನು ತೋರಿಸಿ. ಸಂಜೆ ಬಸ್ಸಿನ ಕಿಟಕಿ ಪಕ್ಕ ಒಬ್ಬಳು ಇಯರ್‌ಫೋನ್ ಹಾಕಿ ಕೂತಿದ್ದಾಳೆ. ಊರಲ್ಲಿ ಅಕ್ಕ ರೊಟ್ಟಿ ಬಡಿಯುತ್ತಾ ಫೋನಿನ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾಳೆ. ‘ತಲುಪಿದೆ’ ಎಂದು ಬರುತ್ತದೆ. ಅಕ್ಕ ರೊಟ್ಟಿ ತಿರುವಿ ಹಾಕುತ್ತಾಳೆ. ಇಪ್ಪತ್ತು ಸೆಕೆಂಡ್ ಸಾಕು.

ಆದರೆ ಅದು ಆಮೇಲಿನ ಮಾತು. ಸರ್ವರ್‌ನಿಂದ ಹೋಗುವ ಎಸ್‌ಎಂಎಸ್‌ಗಳ ಒಕ್ಕಣೆಯನ್ನೂ ಅದರೊಳಗಿನ ಲಿಂಕನ್ನೂ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮದ ಪ್ರಕಾರ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಿರಬೇಕು. ಒಂದು ಪದ ಬದಲಿಸಿದರೂ ಮತ್ತೆ ಒಪ್ಪಿಗೆ ಪಡೆಯಬೇಕು, ಇಲ್ಲದಿದ್ದರೆ ಮೆಸೇಜ್ ದಾರಿಯಲ್ಲೇ ನಿಲ್ಲುತ್ತದೆ. ಆದ್ದರಿಂದ ಈ ವಾರ ಎಸ್‌ಓಎಸ್‌ನ ಆ ಎರಡು ಮೆಸೇಜ್‌ಗಳನ್ನು ಎಂಟು ಜನರ ಮುಂದೆ ಇಟ್ಟು ಪಕ್ಕಾ ಮಾಡಿಕೊಂಡು ನೋಂದಣಿಗೆ ಹಾಕಿ. ರಾತ್ರಿ 9ರದ್ದನ್ನು ಇವತ್ತೇ ನಿಲ್ಲಿಸಬಹುದು, ಅದಕ್ಕೆ ಯಾರ ಒಪ್ಪಿಗೆಯೂ ಬೇಡ.